ನಿಫ್ಟಿ ಅಲ್ಲೇ ಇತ್ತು, ದುಡ್ಡು ಯಾಕೆ ಹೋಯ್ತು?

ಪ್ರಶ್ನೆ: ನಿಫ್ಟಿ 24,000ದಲ್ಲಿದ್ದಾಗ, 30 ದಿನ ಬಾಕಿ ಇದ್ದ ಈ ತಿಂಗಳ 24,000 ಕಾಲ್ ಅನ್ನು 340 ರೂಪಾಯಿಗೆ ಮಾರಿದೆ. ಅದೇ ಸ್ಟ್ರೈಕ್‌ನ ಮುಂದಿನ ತಿಂಗಳ ಕಾಲ್ ಅನ್ನು 480ಕ್ಕೆ ಕೊಂಡೆ. ಹತ್ತಿರದ ತಿಂಗಳದ್ದು ಬೇಗ ಕರಗುತ್ತೆ ಅಂತ ಕೇಳಿದ್ದೆ. ಒಂದು ವಾರ ನಿಫ್ಟಿ ಕದಲಲಿಲ್ಲ. ಆದರೆ ಮಾರಿದ್ದು 226ಕ್ಕೆ, ಕೊಂಡಿದ್ದು 342ಕ್ಕೆ ಇಳಿಯಿತು. ದೂರದ್ದೇ ಜಾಸ್ತಿ ಕರಗಿದೆಯಲ್ಲ! ಹೆದರಿ ಕ್ಲೋಸ್ ಮಾಡಿದೆ. ನಾನು ಕೇಳಿದ್ದೇ ತಪ್ಪಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಕೇಳಿದ್ದು ತಪ್ಪಲ್ಲ, ಅರ್ಧ ಮಾತ್ರ ಕೇಳಿದ್ದೀರಿ. ನಿಮ್ಮ ಪ್ರೀಮಿಯಂ ಇಳಿದಿದ್ದಕ್ಕೆ ಎರಡು ಕಾರಣ ಇವೆ. ಅವೆರಡನ್ನೂ ಬಿಡಿಸಿ ನೋಡೋಣ.

ಮೊದಲು ಬರೀ ಕಾಲದ ಲೆಕ್ಕ. ಸೂಚ್ಯಂಕ ಸ್ಟ್ರೈಕ್ ಹತ್ತಿರವೇ ಇದ್ದರೆ ಆಪ್ಷನ್ ಬೆಲೆ ಉಳಿದ ದಿನಗಳ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ (ಬಡ್ಡಿಯ ಲೆಕ್ಕ ಬಿಟ್ಟು ಹೇಳುತ್ತಿದ್ದೇನೆ). ಅದಕ್ಕೇ 60 ದಿನದ್ದು 30 ದಿನದ್ದರ ಎರಡರಷ್ಟಿಲ್ಲ, ಸುಮಾರು 1.4ರಷ್ಟಿದೆ. ಕರಗುವುದೂ ಸಮನಾಗಿ ಅಲ್ಲ. ಕೆ.ಆರ್. ಮಾರ್ಕೆಟ್‌ನ ಮಲ್ಲಿಗೆಯ ಹಾಗೆ. ಬೆಳಗ್ಗೆ ಬೆಲೆ ನಿಧಾನವಾಗಿ ಇಳಿಯುತ್ತೆ, ಕತ್ತಲಾಗುವ ಹೊತ್ತಿಗೆ ಸಿಕ್ಕಷ್ಟಕ್ಕೆ ಕೊಟ್ಟು ಹೋಗುತ್ತಾರೆ.

ಬೇರೇನೂ ಬದಲಾಗದೆ ಇದ್ದಿದ್ದರೆ ಮೊದಲ ವಾರದಲ್ಲಿ ನೀವು ಮಾರಿದ್ದು 340ರಿಂದ 298ಕ್ಕೆ, ಕೊಂಡಿದ್ದು 480ರಿಂದ 452ಕ್ಕೆ ಬರುತ್ತಿತ್ತು. ಒಂದು 42 ಕರಗಿತು, ಇನ್ನೊಂದು 28. ಲಾಭ ಬರೀ 14 ರೂಪಾಯಿ. ಹತ್ತಿರದ ತಿಂಗಳದ್ದು ಮಾರಿ ದೂರದ್ದು ಕೊಳ್ಳುವ ಈ ಕ್ಯಾಲೆಂಡರ್ ಸ್ಪ್ರೆಡ್‌ನ ನಿಜವಾದ ಸಂಪಾದನೆ ಇರೋದು ಕೊನೆಯಲ್ಲಿ. ಕೊನೆಯ 9 ದಿನ ಬಾಕಿ ಇದ್ದಾಗ ಹತ್ತಿರದ್ದು 186ರಷ್ಟಿರುತ್ತದೆ, ದೂರದ್ದು 388. ಆ 9 ದಿನದಲ್ಲಿ ಹತ್ತಿರದ 186 ಪೂರ್ತಿ ಹೋಗುತ್ತೆ. ದೂರದ್ದು 340ಕ್ಕೆ ಇಳಿಯುತ್ತೆ, ಅಂದರೆ 48 ಮಾತ್ರ ಕಳೆದುಕೊಳ್ಳುತ್ತೆ. ನೀವು 140 ಹಾಕಿದ್ದು ಈ ಕೊನೆಯ ಓಟಕ್ಕೆ.

ಇನ್ನು ಎರಡನೇ ಕಾರಣ. 298 ಇರಬೇಕಾದದ್ದು 226, 452 ಇರಬೇಕಾದದ್ದು 342. ಎರಡೂ ಸುಮಾರು ಕಾಲುಭಾಗ ಕಡಿಮೆ. ಇದು ಕಾಲದ ಕೆಲಸ ಅಲ್ಲ. ಮಾರುಕಟ್ಟೆ ಮುಂದೆ ಎಷ್ಟು ಏರಿಳಿಯಬಹುದು ಎಂಬ ಅಂದಾಜು, ಅಂದರೆ ಇಂಪ್ಲೈಡ್ ವೊಲಟಿಲಿಟಿ ಅಥವಾ IV, ಕುಸಿದಿದೆ. ನಿಮ್ಮ ಬೆಲೆಗಳಿಂದ ಲೆಕ್ಕ ಹಾಕಿದರೆ ಅದು ಸುಮಾರು 12.3ರಿಂದ 9.3ಕ್ಕೆ ಬಂದಿದೆ. ಈ ಕುಸಿತ ಎರಡೂ ಆಪ್ಷನ್‌ಗೆ ತಟ್ಟುತ್ತೆ. ಆದರೆ ದಿನ ಜಾಸ್ತಿ ಉಳಿದಿರುವುದಕ್ಕೆ ಜಾಸ್ತಿ ಪೆಟ್ಟು: ದೂರದ್ದಕ್ಕೆ 110, ಹತ್ತಿರದ್ದಕ್ಕೆ 72. ಕಾಲ 14 ಕೊಟ್ಟಿತು, ವೊಲಟಿಲಿಟಿ 38 ಕಿತ್ತುಕೊಂಡಿತು. ನಿಮ್ಮ 24 ರೂಪಾಯಿ ನಷ್ಟದ ಕತೆ ಇಷ್ಟೇ.

ಇದನ್ನು ಪತ್ತೆ ಹಚ್ಚೋದು ಸುಲಭ. ಸ್ಪ್ರೆಡ್ ಹಾಕಿದ ದಿನ ಆಪ್ಷನ್ ಚೈನ್‌ನಲ್ಲಿ ಎರಡೂ ತಿಂಗಳ IV ಕಾಲಂ ನೋಡಿ ಬರೆದಿಟ್ಟುಕೊಳ್ಳಿ. ನಿಫ್ಟಿ ನಿಂತಲ್ಲೇ ಇದ್ದು ನಷ್ಟ ಕಂಡರೆ ಮೊದಲು ಆ ಅಂಕಿ ನೋಡಿ. ನನ್ನ ಅಭಿಪ್ರಾಯದಲ್ಲಿ, IV ಈಗಾಗಲೇ ಮೇಲೆ ಕೂತಿರುವಾಗ ಕ್ಯಾಲೆಂಡರ್ ಸ್ಪ್ರೆಡ್ ಕೊಳ್ಳುವುದೇ ತಪ್ಪು. ಮುಖ್ಯವಾಗಿ ದೂರದ ತಿಂಗಳದ IV ಹತ್ತಿರದ್ದಕ್ಕಿಂತ ಮೇಲಿದ್ದರೆ ಯೋಚಿಸಿ. ಬಜೆಟ್‌ನಂಥದ್ದು ಮುಂದಿನ ತಿಂಗಳಲ್ಲಿ ಇದ್ದಾಗ ಹೀಗಾಗುತ್ತೆ.

ಅಂದ ಹಾಗೆ, ನೀವು ಕ್ಲೋಸ್ ಮಾಡಿದ್ದು ಸ್ವಲ್ಪ ಆತುರವಾಯ್ತು. IV 9.3ರಲ್ಲೇ ಉಳಿದು, ಹತ್ತಿರದ್ದರ ಎಕ್ಸ್‌ಪೈರಿ ದಿನ ನಿಫ್ಟಿ 24,000ದಲ್ಲೇ ಇದ್ದರೆ ದೂರದ ಕಾಲ್ ಸುಮಾರು 257 ಇರುತ್ತಿತ್ತು. 140 ಹಾಕಿದ್ದಕ್ಕೆ 117 ಲಾಭ. ಹಾಗಂತ ನಿಫ್ಟಿ ಕದಲಬಾರದು ಅಲ್ವಾ? IV ಮೊದಲಿನ 12.3ರಲ್ಲೇ ಇದ್ದರೂ ಎಕ್ಸ್‌ಪೈರಿ ಹೊತ್ತಿಗೆ ಸ್ಟ್ರೈಕ್‌ನಿಂದ 500 ಅಂಶ ಆಚೀಚೆ ಹೋದರೆ ಲಾಭ ಬಹುತೇಕ ಮಾಯ. 25,000 ಮುಟ್ಟಿದರೆ ಹತ್ತಿರದ್ದಕ್ಕೆ 1,000 ಕೊಡಬೇಕು, ದೂರದ್ದು 1,053ರಷ್ಟೇ ಇರುತ್ತದೆ. ಕೈಗೆ 53, ನಷ್ಟ 87. IV ಕುಸಿದಿದ್ದರೆ ಲಾಭದ ಈ ಜಾಗ ಇನ್ನೂ ಕಿರಿದು.

ಕೊನೆಯ ದಿನದವರೆಗೆ ಎಳೆಯಬೇಡಿ. ಸೂಚ್ಯಂಕದ ಆಪ್ಷನ್‌ಗಳಲ್ಲಿ, ಅವತ್ತೇ ಮುಗಿಯುವ ಕಾಂಟ್ರಾಕ್ಟ್‌ಗೆ ಎಕ್ಸ್‌ಪೈರಿ ದಿನ ಕ್ಯಾಲೆಂಡರ್ ಸ್ಪ್ರೆಡ್‌ನ ಮಾರ್ಜಿನ್ ರಿಯಾಯಿತಿ ಸಿಗುವುದಿಲ್ಲ. ಸೆಬಿಯ ಈ ನಿಯಮ 2025ರ ಫೆಬ್ರವರಿಯಿಂದ ಇದೆ. ಮಾರಿದ ಕಾಲ್‌ಗೆ ಪೂರ್ತಿ ಮಾರ್ಜಿನ್ ಕಟ್ಟಬೇಕಾಗುತ್ತದೆ. ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಹಿಂದಿನ ದಿನವೇ ಹೊರಬನ್ನಿ. ಹೊರಬರುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಿ, ಆಮೇಲೆ ಕೊಂಡಿದ್ದನ್ನು ಮಾರಿ. ಉಲ್ಟಾ ಮಾಡಿದರೆ ನಡುವಿನ ಆ ಕ್ಷಣಕ್ಕೂ ಪೂರ್ತಿ ಮಾರ್ಜಿನ್ ಕೇಳುತ್ತಾರೆ.