ಆಟಿಸಂ ಮತ್ತು ಮ್ಯೂಸಿಕ್ ಥೆರಪಿ

ಪ್ರಶ್ನೆ: ಆಟಿಸಂ ಇರುವ ಮಗುವಿಗೆ ಮ್ಯೂಸಿಕ್ ಥೆರಪಿಯಿಂದ ಉಪಯೋಗ ಆಗುತ್ತಾ? ಅದನ್ನು ಹೇಗೆ ಅಳೆಯುತ್ತಾರೆ?

ಇದು ಸುಮ್ನೆ ಹಾಡು ಕೇಳಿಸುವುದಲ್ಲ. ಮಗು ಡ್ರಮ್ ತಟ್ಟಿದರೆ ಥೆರಪಿಸ್ಟ್ ಅದೇ ಲಯ ಹಿಡಿದು ಉತ್ತರ ಕೊಡುತ್ತಾರೆ. ಮಗು ಇನ್ನೊಬ್ಬರ ಜೊತೆ ಬೆರೆಯಬೇಕು, ಅದೇ ಗುರಿ.

2017ರಲ್ಲಿ ಪ್ರಕಟವಾದ ಟೈಮ್-ಎ ಅಧ್ಯಯನದಲ್ಲಿ 9 ದೇಶಗಳ 364 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಮಾಮೂಲಿ ಆರೈಕೆಯ ಜೊತೆ ಥೆರಪಿ ಕೊಟ್ಟರು, ಉಳಿದವರಿಗೆ ಆರೈಕೆ ಮಾತ್ರ. ಯಾರಿಗೆ ಥೆರಪಿ ಸಿಗುತ್ತಿದೆ ಅನ್ನುವುದು ಪೋಷಕರಿಂದ ಮುಚ್ಚಿಡೋಕೆ ಆಗಲ್ಲ ಅಲ್ವಾ? ಅದಕ್ಕೇ ಮಗು ಎಷ್ಟು ಬೆರೆಯುತ್ತೆ ಎಂದು ನೋಡಿ ಅಂಕ ಹಾಕುವವರಿಗೆ ಗುಂಪು ಯಾವುದೆಂದು ಹೇಳಿರಲಿಲ್ಲ. 5 ತಿಂಗಳ ನಂತರ ಬೆರೆಯುವಿಕೆಯ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಿಂದಿನ ಚಿಕ್ಕ ಅಧ್ಯಯನಗಳು ಜಾಸ್ತಿ ಭರವಸೆ ಕೊಟ್ಟಿದ್ದವು.

ಆದರೆ ಆ ಅಂಕ ಹಾಕಲು ಬಳಸಿದ ಅಳತೆಗೋಲು ಮೂಲತಃ ಆಟಿಸಂ ಇದೆಯಾ ಎಂದು ಗುರುತಿಸಲು ಮಾಡಿದ್ದು, ಸಣ್ಣ ಬದಲಾವಣೆಗಳು ಅದರಲ್ಲಿ ಸಿಗದೇ ಹೋಗಬಹುದು. ಹಾಗಾಗಿ ಮಗು ಖುಷಿಯಾಗಿ ಹೋಗುತ್ತಿದ್ದರೆ ಮುಂದುವರಿಸಿ, ಸ್ಪೀಚ್ ಥೆರಪಿ ಮಾತ್ರ ಬಿಡಿಸಬೇಡಿ.