ಅವಳನ್ನು ಕೇಳದೇ ಹೆಸರು ಹಾಕಿದಿರಾ?

ಪ್ರಶ್ನೆ: ಜುಲೈ 6, 2026ರಿಂದ 26 ವಾರ ಹೆರಿಗೆ ರಜೆ. ಅಕೌಂಟ್ಸ್‌ನಲ್ಲಿ ಸಪ್ಲೈಯರ್ ಬಿಲ್ ಪಾಸ್ ಮಾಡುವ ಕೆಲಸ ನನ್ನದು. ಆಟೋ ರಿಪ್ಲೈನಲ್ಲಿ ವಾಪಸ್ ಬರುವ ತಾರೀಕು ಬೇಡ, ನಿಮ್ಮ ಮೊಬೈಲ್ ನಂಬರ್ ಹಾಕಿ ಅಂತಾರೆ ಮ್ಯಾನೇಜರ್. ಬ್ಯಾಕಪ್ ಅಂತ ಪಕ್ಕದ ಸೀಟಿನ ಹುಡುಗಿಯ ಹೆಸರು ಹಾಕಿದ್ದೇನೆ. ಅವಳಿಗಿನ್ನೂ ಹೇಳಿಲ್ಲ, ಏನೂ ಅನ್ನಲ್ಲ ಬಿಡಿ. ನಂಬರ್ ಕೊಡದಿದ್ದರೆ ಮ್ಯಾನೇಜರ್‌ಗೆ ಬೇಸರವಾಗುತ್ತಾ?

ಉತ್ತರ: ಆಗಲಿ ಬಿಡಿ. ನನಗೆ ಪಾಪ ಅನ್ನಿಸಿದ್ದು ಆ ಹುಡುಗಿಯನ್ನು ನೆನೆದು. ಬಿಲ್ ಪಾಸ್ ಮಾಡುವ ಅಧಿಕಾರ ಅವಳ ಲಾಗಿನ್‌ಗೆ ಇದೆಯೇ? ಇಲ್ಲದಿದ್ದರೆ ಮೊದಲ ವಾರವೇ ಯಾರೋ ಸಪ್ಲೈಯರ್ ದುಡ್ಡಿಗಾಗಿ ಅವಳ ಬೆನ್ನು ಹತ್ತುತ್ತಾನೆ. ತೆರೆದು ನೋಡಿದರೆ ಬಿಲ್ ನಿಮ್ಮ ಹೆಸರಲ್ಲೇ ಪೆಂಡಿಂಗ್. ಆಗ ಅವಳಿಗೆ ಉಳಿಯುವ ದಾರಿ ಒಂದೇ, ನಿಮಗೆ ಫೋನ್ ಮಾಡುವುದು. ಬಾಣಂತನದಲ್ಲೂ ಬಿಲ್ ತಪ್ಪಲಿಲ್ಲ!

ತಪ್ಪು ಹೆಚ್ಚಿನದು ಮ್ಯಾನೇಜರದ್ದೇ. ಕೆಲಸ ಹಂಚುವುದು ಅವರ ಜವಾಬ್ದಾರಿ. ನಿಮ್ಮ ನಂಬರ್ ಕೇಳಿ ಅದರಿಂದ ಜಾರಿಕೊಳ್ಳುತ್ತಿದ್ದಾರೆ. ಹಾಗಾಗಿ ಮಾಡಬೇಕಾದ್ದು ಒಂದೇ: ಮೊದಲು ಅವಳನ್ನು ಕೇಳಿ, ಒಪ್ಪಿದರೆ ಜುಲೈ 6ರಿಂದ ಈ ಕೆಲಸ ಅವಳದ್ದು, ಲಾಗಿನ್ ಅಧಿಕಾರವೂ ಕೊಡಬೇಕು ಎಂದು ಮ್ಯಾನೇಜರ್ ಕೈಯಲ್ಲೇ ಮೇಲ್ ಬರೆಸಿ. ಹೊರಡುವ ಒಂದು ವಾರ ಮೊದಲು ಅವಳ ಲಾಗಿನ್‌ನಿಂದ ನಿಜವಾದ ಒಂದು ಬಿಲ್ ಪಾಸ್ ಮಾಡಿಸಿ ನೋಡಿ.

ತಾರೀಕು ಹಾಕಲೇಬೇಕು. ಭಾನುವಾರ, ಹಬ್ಬ ಎಲ್ಲ ಸೇರಿ 182 ದಿನ. ರಜೆ ಜನವರಿ 3ಕ್ಕೆ ಮುಗಿದು, 4ರ ಸೋಮವಾರ ನೀವು ಹಾಜರು. ಡಿಸೆಂಬರ್ ಕೊನೆಯಲ್ಲಿ ಮೇಲ್ ಹಾಕಿದವನು ಒಂದು ವಾರ ಕಾಯೋಣ ಅಂದುಕೊಳ್ಳುತ್ತಾನೆ, ಆಗಸ್ಟ್‌ನವನು ನೇರ ಬ್ಯಾಕಪ್‌ಗೆ ಬರೆಯುತ್ತಾನೆ. ತಾರೀಕಿಲ್ಲದಿದ್ದರೆ ಇಬ್ಬರೂ ಸುಮ್ಮನೆ ಕಾಯುತ್ತಾರೆ.

ಔಟ್‌ಲುಕ್‌ನ Automatic Replies ನಲ್ಲಿ ಒಳಗಿನವರಿಗೆ, ಹೊರಗಿನವರಿಗೆ ಬೇರೆ ಬೇರೆ ಉತ್ತರ ಇಡಬಹುದು. ಹುಡುಗಿಯ ಹೆಸರು ಒಳಗಿನವರಿಗೆ ಸಾಕು. ಹೊರಗಿನವರಿಗೆ ಹೀಗಿರಲಿ:

"ಜನವರಿ 3, 2027ರವರೆಗೆ ರಜೆಯಲ್ಲಿದ್ದೇನೆ, 4ರಂದು ಕಚೇರಿಗೆ ಬರುತ್ತೇನೆ. ಅಲ್ಲಿಯವರೆಗೆ ಬಿಲ್ ವಿಚಾರಕ್ಕೆ ಅಕೌಂಟ್ಸ್ ಟೀಮ್ ಮೇಲ್‌ಗೆ ಬರೆಯಿರಿ. ಈ ಮೇಲ್ ತೆರೆದು ನೋಡುವುದಿಲ್ಲ."

ಟೀಮ್ ಮೇಲ್‌ನ ವಿಳಾಸ ಪೂರ್ತಿ ಬರೆಯಿರಿ. ಹೆರಿಗೆ ಎಂದಾಗಲೀ ಮೊಬೈಲ್ ನಂಬರ್ ಆಗಲೀ ಬೇಡ. ದುಡ್ಡು ಬಿಡುವವರು ಊರಲ್ಲಿಲ್ಲ, ಜಾಗದಲ್ಲಿ ಹೊಸಬರಿದ್ದಾರೆ ಎಂದು ಗೊತ್ತಾದರೆ ವಂಚಕರಿಗೆ ಹಬ್ಬ. "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ" ಎಂಬ ಸುಳ್ಳು ಮೇಲ್ ಬರುವುದು ಇಂಥ ಹೊತ್ತಲ್ಲೇ. ಅಂಥದ್ದು ಬಂದರೆ ಸಪ್ಲೈಯರ್‌ನ ಹಳೆಯ ನಂಬರಿಗೇ ಫೋನ್ ಮಾಡಿ ಕೇಳಬೇಕೆಂದು ಹುಡುಗಿಗೆ ಹೇಳಿಡಿ.

ನಡುವೆ ಅವಳೇ ಕೆಲಸ ಬಿಟ್ಟರೆ? ಔಟ್‌ಲುಕ್ ಒಬ್ಬರಿಗೆ ಒಂದೇ ಸಲ ಉತ್ತರಿಸುತ್ತದೆ. ಹೆಸರು ತಿದ್ದಿದ ಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿದರೇನೇ ಹಳಬರಿಗೂ ಹೊಸ ಹೆಸರು ಹೋಗುವುದು. ಅದನ್ನು ಮಾಡುವ ಕೆಲಸ ಐಟಿಯವರಿಗೆ ಈಗಲೇ ಒಪ್ಪಿಸಿ.