ಇಷ್ಟೊಂದು ಲೀಪ್ ಸೆಕೆಂಡ್ ಯಾಕೆ?

ಪ್ರಶ್ನೆ: ನೂರು ವರ್ಷಕ್ಕೆ ದಿನ ಉದ್ದವಾಗುವುದು ಬರೀ 2 ಮಿಲಿಸೆಕೆಂಡ್ ಅಂತಾರೆ. ಮತ್ತೆ 1972ರಿಂದ ಗಡಿಯಾರಕ್ಕೆ 27 ಲೀಪ್ ಸೆಕೆಂಡ್, ಅಂದರೆ ಹೆಚ್ಚುವರಿ ಸೆಕೆಂಡ್, ಯಾಕೆ ಸೇರಿಸಬೇಕಾಯಿತು?

ಗೊಂದಲ ಸಹಜವೇ. ಭೂಮಿಯನ್ನು ನಿಧಾನ ಮಾಡುವುದು ಮುಖ್ಯವಾಗಿ ಚಂದ್ರ. ಅದರ ಸೆಳೆತಕ್ಕೆ ಏಳುವ ಸಮುದ್ರದ ಉಬ್ಬರ ಬ್ರೇಕ್ ಹಾಕಿದಂತೆ ಕೆಲಸ ಮಾಡುತ್ತದೆ. ಆದರೆ ಇಲ್ಲಿ ನೋಡಬೇಕಾದ್ದು ದಿನ ಈಗಾಗಲೇ ಎಷ್ಟು ಉದ್ದವಾಗಿದೆ ಎಂಬುದನ್ನು.

ಪರಮಾಣು ಗಡಿಯಾರದ ಸೆಕೆಂಡ್ ಸುಮಾರು 1820ರ ದಿನದ ಅಳತೆಗೆ ಹೊಂದುತ್ತದೆ. ಈಗ ದಿನ 86,400 ಸೆಕೆಂಡಿಗಿಂತ 2 ಮಿಲಿಸೆಕೆಂಡ್ ಜಾಸ್ತಿ ಇದೆ ಅಂದುಕೊಳ್ಳಿ. ದಿನವೂ ಅಷ್ಟು ಬಾಕಿ ಉಳಿದು, 500 ದಿನಕ್ಕೆ ಪೂರ್ತಿ 1 ಸೆಕೆಂಡ್ ಆಗುತ್ತದೆ, ಅಲ್ವಾ? ವ್ಯತ್ಯಾಸ 0.9 ಸೆಕೆಂಡ್ ದಾಟುವ ಮೊದಲೇ, ಸಾಮಾನ್ಯವಾಗಿ ಜೂನ್ ಅಥವಾ ಡಿಸೆಂಬರ್ ಕೊನೆಗೆ, ಗಡಿಯಾರಕ್ಕೆ 23:59:60 ಸೇರಿಸುತ್ತಾರೆ.

ತಮಾಷೆಯೆಂದರೆ, ಇತ್ತೀಚೆಗೆ ಭೂಮಿ ಸ್ವಲ್ಪ ಚುರುಕಾಗಿದೆ. ಹಾಗಾಗಿ 2016ರ ಡಿಸೆಂಬರ್‌ನದೇ ಇದುವರೆಗಿನ ಕೊನೆಯದು.